ವಾಟ್ಸಾಪ್ ಫಾರ್ವರ್ಡ್‌ಗಳನ್ನ ಕಾರ್ಡ್ ಮಾಡಿ ವಿಂಗಡಿಸೋ ಆಟ: ಹೈಸ್ಕೂಲ್ ಮಕ್ಕಳಿಗೆ ಮಾಡ್ಸೋದು ಹೇಗೆ

ಮುಂಬೈಲಿ ಕನ್ನಡ ಮಾಧ್ಯಮದ ಶಾಲೇಲಿ ಪಾಠ ಮಾಡೋರು, ಭಾನುವಾರ ಸಂಘದ ಹಾಲ್‌ನಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಕ್ಲಾಸ್ ತಗೊಳ್ಳೋರು, ಇಂಥವರಿಗೋಸ್ಕರ ಇದನ್ನ ಬರೀತಿದೀನಿ. ನಮ್ಮ ಮಕ್ಕಳದ್ದು ಒಂದು ಬೇರೆ ಥರದ ಸಮಸ್ಯೆ ಇದೆ. ಊರಿನ ಫ್ಯಾಮಿಲಿ ಗ್ರೂಪಿಂದ ಕನ್ನಡದಲ್ಲಿ ಒಂದು ಮೆಸೇಜ್ ಬರುತ್ತೆ, ಅದೇ ಸುದ್ದಿ ಚಾಳಿನ ಗ್ರೂಪಲ್ಲಿ ಮರಾಠಿಲಿ ಇರುತ್ತೆ, ಕ್ಲಾಸಿನ ಗ್ರೂಪಲ್ಲಿ ಹಿಂದಿಲಿ, ಮಂಗಳೂರು ಕಡೆಯವರಾದ್ರೆ ತುಳುವಲ್ಲಿ ಒಂದು ವಾಯ್ಸ್ ನೋಟ್ ಕೂಡ. ಮಕ್ಕಳು ಏನಂದ್ಕೋತಾರೆ ಅಂದ್ರೆ ಮೂರು ಕಡೆಯಿಂದ ಬಂದಿದೆ, ಮೂರು ಬೇರೆ ಬೇರೆ ಜನ ಹೇಳ್ತಿದಾರೆ, ಅಂದ್ಮೇಲೆ ನಿಜಾನೇ ಇರ್ಬೇಕು. ಒಂದೇ ಸುಳ್ಳನ್ನ ಯಾರೋ ಅನುವಾದ ಮಾಡಿ ಹಾಕಿರಬಹುದು ಅನ್ನೋದು ಅವರ ತಲೆಗೆ ಬರೋದೇ ಇಲ್ಲ. ಭಾಷಣ ಮಾಡಿದ್ರೆ ಇದು ಹೋಗಲ್ಲ, ಕೈಯಲ್ಲಿ ಕಾರ್ಡ್ ಕೊಟ್ಟು ವಿಂಗಡಿಸಿ ಅಂತ ಕೂರ್ಸಿದ್ರೆ ಸ್ವಲ್ಪ ಸ್ವಲ್ಪ ಹೋಗುತ್ತೆ.

ಎಂಟರಿಂದ ಹತ್ತನೇ ಕ್ಲಾಸಿನವರೆಗೆ ಸರಿಹೋಗುತ್ತೆ. ಮೂರು ಪೀರಿಯಡ್ ಬೇಕು, ಒಂದೇ ದಿನ ಮುಗ್ಸೋಕೆ ಹೋಗ್ಬೇಡಿ. ಮಕ್ಕಳ ಹತ್ರ ಮೊಬೈಲ್ ಇರಬೇಕು ಅಂತಿಲ್ಲ, ಕೊನೇ ಪೀರಿಯಡ್‌ನಲ್ಲಿ ನಿಮ್ಮ ಒಂದು ಫೋನ್ ಸಾಕು.

ಮೊದಲು ಕಾರ್ಡ್ ಮಾಡ್ಕೊಳ್ಳೋದು

ಇಡೀ ಆಟ ನಿಂತಿರೋದು ಕಾರ್ಡ್ ಆಯ್ಕೆ ಮೇಲೆ, ಅದಕ್ಕೇ ಇದನ್ನ ಸ್ವಲ್ಪ ಉದ್ದಕ್ಕೆ ಹೇಳ್ತೀನಿ. ಸಾಮಾನ್ಯವಾಗಿ ಏನ್ಮಾಡ್ತಾರೆ ಅಂದ್ರೆ ಇಂಟರ್ನೆಟ್ಟಿಂದ ಹತ್ತಿಪ್ಪತ್ತು ಸುಳ್ಳು ಫಾರ್ವರ್ಡ್ ಹುಡುಕಿ ಪ್ರಿಂಟ್ ತೆಗೆದು "ನೋಡ್ರೋ ಎಷ್ಟು ಸುಳ್ಳು ಹರಡ್ತಾರೆ" ಅಂತ ತೋರಿಸ್ತಾರೆ. ಮಕ್ಕಳು ಐದೇ ನಿಮಿಷದಲ್ಲಿ ಟ್ರಿಕ್ ಹಿಡೀತಾರೆ, ಸರ್ ಕೊಟ್ಟಿದ್ದೆಲ್ಲಾ ಸುಳ್ಳು, ಎಲ್ಲದಕ್ಕೂ ಸುಳ್ಳು ಅಂತ ಬರೆದ್ರೆ ಫುಲ್ ಮಾರ್ಕ್ಸ್. ಕ್ಲಾಸಿಂದ ಹೊರಗೆ ಹೋದ್ಮೇಲೆ ಹವಾಮಾನ ಇಲಾಖೆ ಅಲರ್ಟನ್ನೂ "ಅಯ್ಯೋ ಫೇಕ್" ಅಂತಾರೆ. ಅದು ಕಲಿಕೆ ಅಲ್ಲ, ಅನುಮಾನದ ಚಟ. ಹಾಗಾಗಿ ಅರ್ಧ ಕಾರ್ಡ್ ನಿಜ ಇರಲೇಬೇಕು.

ಎರಡನೇದು, ನಿಜದ ಕಾರ್ಡೆಲ್ಲಾ ನೀಟಾಗಿ ಬರೆದು ಸುಳ್ಳಿನ ಕಾರ್ಡೆಲ್ಲಾ ತಪ್ಪುತಪ್ಪಾಗಿ ಬರೆದ್ರೆ ಮಕ್ಕಳು ಸ್ಪೆಲ್ಲಿಂಗ್ ನೋಡಿ ಉತ್ತರ ಹೇಳ್ತಾರೆ. ಅದಕ್ಕೆ ನಾಲ್ಕು ಥರದ ಕಾರ್ಡ್ ಬೇಕು, ಒಂದೊಂದು ಥರದ್ದು ಐದೈದು.

ನೀಟಾಗಿರೋ ಸುಳ್ಳು: 2016ರ ನವೆಂಬರ್‌ನಲ್ಲಿ ಎರಡು ಸಾವಿರದ ಹೊಸ ನೋಟಲ್ಲಿ ನ್ಯಾನೋ ಚಿಪ್ ಇದೆ, ನೆಲದಡಿ ಹೂತಿಟ್ರೂ ಸ್ಯಾಟಲೈಟ್ ಕಂಡುಹಿಡಿಯುತ್ತೆ ಅಂತ ಬಂದಿತ್ತಲ್ಲ ಅದು, ನಮ್ಮ ರಾಷ್ಟ್ರಗೀತೆನ ಯುನೆಸ್ಕೋ ಜಗತ್ತಿನ ಬೆಸ್ಟ್ ಅಂತ ಘೋಷಣೆ ಮಾಡಿದೆ ಅನ್ನೋದು. ಇವನ್ನ ಒಳ್ಳೇ ಭಾಷೇಲಿ, ತಪ್ಪಿಲ್ಲದೆ ಬರೀರಿ.

ಗಜಿಬಿಜಿ ಸುಳ್ಳು: ರಾತ್ರಿ ಹನ್ನೆರಡೂವರೆ ಮೇಲೆ ಕಾಸ್ಮಿಕ್ ಕಿರಣ ಬರುತ್ತೆ ಫೋನ್ ಆಫ್ ಮಾಡಿ ಅನ್ನೋದು, ವಾಟ್ಸಾಪ್‌ನಲ್ಲಿ ಮೂರನೇ ಟಿಕ್ ಬಂದ್ರೆ ಸರ್ಕಾರ ನಿಮ್ಮ ಮೆಸೇಜ್ ಓದಿದೆ ಅನ್ನೋದು.

ನೀಟಾಗಿರೋ ನಿಜ: ಚಂದ್ರಯಾನ-3 2023ರ ಆಗಸ್ಟ್ 23ಕ್ಕೆ ಚಂದ್ರನ ಮೇಲೆ ಇಳೀತು ಅನ್ನೋದು. ಇದರ ಜೊತೆ ಕೇಳಿದ್ರೆ ನಂಬೋಕಾಗದ ಒಂದು ನಿಜಾನೂ ಹಾಕಿ: 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಆಗಿತ್ತು. ಮಕ್ಕಳು ಇದನ್ನ ಖಂಡಿತ ಸುಳ್ಳಿನ ಕಡೆ ಎಸೀತಾರೆ, ಮನೇಲಿ ಅಪ್ಪನ್ನ ಕೇಳಿದ್ರೆ ಆವತ್ತು ಆಫೀಸಿಂದ ನಡ್ಕೊಂಡೇ ಬಂದ ಕಥೆ ಹೇಳ್ತಾರೆ.

ಗಜಿಬಿಜಿ ನಿಜ: ಇದು ತುಂಬಾ ಮುಖ್ಯ, ಎಲ್ಲರೂ ಮರೆಯೋದೂ ಇದನ್ನೇ. "ಆನ್‌ಲೈನ್ ಮೋಸ ಆಗಿ ದುಡ್ಡು ಹೋದ್ರೆ ತಕ್ಷಣ 1930ಗೆ ಫೋನ್ ಮಾಡಿ!!!! ಎಲ್ಲರಿಗೂ ಕಳ್ಸಿ!!!" ಇದನ್ನ ತಪ್ಪುತಪ್ಪಾಗಿ, ಆಶ್ಚರ್ಯಸೂಚಕ ತುಂಬಿಸಿ ಬರೀರಿ. ನಂಬರ್ ನಿಜ, ಅದು ಸೈಬರ್ ವಂಚನೆಯ ಸಹಾಯವಾಣಿ. ಮಕ್ಕಳಿಗೆ ತೊಂದರೆ ಆದ್ರೆ ಮಾಡೋ 1098 ಕೂಡ ಹೀಗೇ ಒಂದು ಕಾರ್ಡ್ ಆಗ್ಬಹುದು. ನಿಮ್ಮ ಬಿಲ್ಡಿಂಗಲ್ಲಿ ನಾಳೆ ನೀರು ಬರಲ್ಲ ಅಂತ ವಾಚ್‌ಮನ್ ಟೈಪ್ ಮಾಡಿದ ಥರದ ಮೆಸೇಜ್ ಒಂದಿರ್ಲಿ.

ಇದು ಇಪ್ಪತ್ತಾಯ್ತು. ಇನ್ನು ನಾಲ್ಕು ಕಾರ್ಡ್ ನಿಜಾನೂ ಅಲ್ಲದ ಸುಳ್ಳೂ ಅಲ್ಲದ ಥರದ್ದು: ಗುಡ್ ಮಾರ್ನಿಂಗ್ ಸುವಿಚಾರ, "ಈಗಿನ ಹುಡುಗರಿಗೆ ಹಿರಿಯರು ಅಂದ್ರೆ ಗೌರವಾನೇ ಇಲ್ಲ" ಅನ್ನೋ ಥರದ ಅಭಿಪ್ರಾಯ, ಒಂದು ಜೋಕ್, ಒಂದು ಟ್ಯೂಷನ್ ಜಾಹೀರಾತು. ಒಟ್ಟು ಇಪ್ಪತ್ನಾಲ್ಕು. ಅಂಗೈ ಅಗಲದ ರಟ್ಟಿನ ಮೇಲೆ ದಪ್ಪ ಅಕ್ಷರ, ಮೂಲೇಲಿ ನಂಬರ್ ಮಾತ್ರ, ಉತ್ತರ ನಿಮ್ಮ ಹಾಳೇಲಿ. ನಾಲ್ಕೈದು ಮಕ್ಕಳಿಗೆ ಒಂದು ಸೆಟ್, ನಲವತ್ತು ಮಕ್ಕಳ ಕ್ಲಾಸಾದ್ರೆ ಎಂಟು ಸೆಟ್ ಜೆರಾಕ್ಸ್. ಒಂದೆರಡು ಸುಳ್ಳಿನ ಕಾರ್ಡನ್ನ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಮಾಡಿ ಬೇರೆ ಬೇರೆ ಗುಂಪಿಗೆ ಕೊಡಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಜಾತಿ, ಧರ್ಮ, ಪಾರ್ಟಿ ಇರೋ ಕಾರ್ಡ್ ಮೊದಲ ಸಲ ಬೇಡ. ಮಕ್ಕಳು ಮೆಸೇಜ್ ಬಿಟ್ಟು ಮೆಸೇಜಲ್ಲಿರೋ ಜನರ ಬಗ್ಗೆ ಜಗಳ ಶುರು ಮಾಡ್ತಾರೆ, ವಿಂಗಡಣೆ ಅಲ್ಲಿಗೆ ಸತ್ತೋಯ್ತು. ಮನೆಯವರ ಫೋನಿಂದ ನಿಜವಾದ ಸ್ಕ್ರೀನ್‌ಶಾಟ್ ತರ್ಸೋದೂ ಬೇಡ, ಹೆಸರು ನಂಬರ್ ಎಲ್ಲಾ ಕಾಣುತ್ತೆ, ಮೇಲಾಗಿ ಯಾರದ್ದೋ ಅಪ್ಪನ ಮರ್ಯಾದೆ ಕ್ಲಾಸ್ ಮುಂದೆ ಹೋಗುತ್ತೆ.

ಮೊದಲ ಪೀರಿಯಡ್: ಶುರುವಲ್ಲೇ ನಿಜ ಸುಳ್ಳು ಅನ್ನೋ ಮಾತು ಎತ್ತಬೇಡಿ

ಎರಡೇ ರಾಶಿ ಮಾಡ್ಸಿ: ಒಂದು, ಹುಡುಕಿದ್ರೆ ಹೌದೋ ಅಲ್ವೋ ಗೊತ್ತಾಗೋ ಮಾತು, ಇನ್ನೊಂದು, ಎಷ್ಟು ಹುಡುಕಿದ್ರೂ ಗೊತ್ತಾಗದ ಮಾತು. "ಈಗಿನ ಹುಡುಗರಿಗೆ ಗೌರವ ಇಲ್ಲ" ಯಾವ ಕಡೆ? ಇದರ ಮೇಲೆ ಹತ್ತು ನಿಮಿಷ ಜಗಳ ಆಗುತ್ತೆ, ಆಗ್ಲಿ ಬಿಡಿ. ಅಭಿಪ್ರಾಯನ ಚೆಕ್ ಮಾಡೋಕಾಗಲ್ಲ, ಒಪ್ಪಬಹುದು ಬಿಡಬಹುದು ಅಷ್ಟೇ, ಇದು ಅವರಿಗೆ ಅಲ್ಲೇ ಗೊತ್ತಾಗುತ್ತೆ. ಕೆಲವು ಕಾರ್ಡಲ್ಲಿ ಎರಡೂ ಬೆರೆತಿರುತ್ತೆ, ಒಂದು ಸಾಲು ಅಭಿಪ್ರಾಯ, ಒಂದು ಸಾಲು ಸುದ್ದಿ. ಅಂಥದ್ದಿದ್ರೆ ಪೆನ್ಸಿಲ್‌ನಲ್ಲಿ ಚೆಕ್ ಮಾಡೋಕಾಗೋ ಸಾಲಿಗೆ ಮಾತ್ರ ಗೆರೆ ಎಳೆಸಿ.

ಚೆಕ್ ಮಾಡೋಕಾಗೋ ಕಾರ್ಡ್‌ಗಳನ್ನ ತಗೊಂಡು ಈಗ ಎರಡನೇ ಸುತ್ತು. ಗುಂಪು ಮಾತಾಡೋಕೆ ಮುಂಚೆ ಒಬ್ಬೊಬ್ಬರೂ ಚೀಟೀಲಿ ನಂಬರ್ ಬರೆದು ಎದುರಿಗೆ ನಿಜ, ಸುಳ್ಳು, ಗೊತ್ತಿಲ್ಲ ಇಷ್ಟರಲ್ಲಿ ಒಂದು, ಪಕ್ಕದಲ್ಲಿ ಯಾಕೆ ಅಂತ ಎರಡು ಪದ ಬರೀಬೇಕು. ಇದನ್ನ ಬಿಟ್ರೆ ಜೋರು ಬಾಯಿ ಇರೋ ಒಬ್ಬ ಹುಡುಗ ಇಡೀ ಗುಂಪಿನ ಉತ್ತರ ಹೇಳ್ಬಿಡ್ತಾನೆ, ಉಳಿದವರು ತಲೆ ಆಡಿಸ್ತಾರೆ. ಚೀಟಿ ಇಸ್ಕೊಂಡು ಮನೆಗೆ ತಗೊಂಡು ಹೋಗಿ.

ಎರಡನೇ ಪೀರಿಯಡ್: ಕಾರಣಗಳನ್ನ ವಿಂಗಡಿಸೋದು

ಉತ್ತರಕ್ಕಿಂತ ಕಾರಣಗಳಲ್ಲೇ ಸ್ವಾರಸ್ಯ ಇರೋದು. ಬೋರ್ಡ್ ಮೇಲೆ ಅವರು ಬರೆದ ಕಾರಣಗಳನ್ನ ಮಾತ್ರ ಬರೀರಿ, ಹೆಸರು ಬೇಡ. "ಸ್ಪೆಲ್ಲಿಂಗ್ ತಪ್ಪು", "ಎಲ್ಲರಿಗೂ ಕಳ್ಸಿ ಅಂದಿದೆ", "ಕಾಕಾ ಕಳ್ಸಿದ್ದು", "ಯುನೆಸ್ಕೋ ಹೆಸರಿದೆ", "ಮರಾಠಿಲೂ ಬಂದಿದೆ", "ಫಾರ್ವರ್ಡ್ ಬಾಣ ಎರಡಿತ್ತು". ಆಮೇಲೆ ಒಂದೊಂದೇ ಕಾರಣ ಹಿಡ್ಕೊಂಡು, ಈ ಕಾರಣ ಕೆಲಸ ಮಾಡಿದ ಕಾರ್ಡ್ ಯಾವುದು, ಕೈಕೊಟ್ಟ ಕಾರ್ಡ್ ಯಾವುದು ಅಂತ ಅವರ ಕೈಲೇ ಕಾರ್ಡ್ ಇಡಿಸಿ. ಸ್ಪೆಲ್ಲಿಂಗ್ ಅನ್ನೋ ಕಾರಣ ಕಾಸ್ಮಿಕ್ ಕಿರಣಕ್ಕೆ ಸರಿಹೋಯ್ತು, 1930ಕ್ಕೆ ಕೈಕೊಡ್ತು, ನ್ಯಾನೋ ಚಿಪ್‌ಗೂ ಕೈಕೊಡ್ತು. ಮೇಜಿನ ಮೇಲೆ ಕಾರ್ಡ್ ಆ ಕಡೆ ಈ ಕಡೆ ಹಂಚಿ ಬಿದ್ದಾಗ ಮಕ್ಕಳೇ ಹೇಳ್ತಾರೆ, ಟೀಚರ್ ಇದು ನೋಡಿ ಏನೂ ಹೇಳೋಕಾಗಲ್ಲ ಅಂತ. ನಾಲ್ಕು ಥರದ ಕಾರ್ಡ್ ಮಾಡಿ ಅಂದಿದ್ದು ಈ ಒಂದು ಕ್ಷಣಕ್ಕೆ.

ಮೂರು ಭಾಷೆ ಕಾರ್ಡ್ ಹೊರಗೆ ತೆಗೆಯೋದೂ ಈಗಲೇ. ಒಂದು ಗುಂಪು ಕನ್ನಡದ್ದನ್ನ ಓದ್ಲಿ, ಇನ್ನೊಂದು ಮರಾಠಿದು, ಮತ್ತೊಂದು ಹಿಂದಿದು. ಸಾಲು ಸಾಲು ಒಂದೇ ಅಂತ ಗೊತ್ತಾದಾಗ "ಮೂರು ಸಾಕ್ಷಿ" ಒಂದೇ ಸಾಕ್ಷಿ ಆಗೋದನ್ನ ನೀವು ವಿವರಿಸಬೇಕಾಗಿಲ್ಲ.

ಬಾಣದ ವಿಷಯ ಮಾತ್ರ ನೀವೇ ಸರಿಯಾಗಿ ಹೇಳ್ಬೇಕು, ಯಾಕಂದ್ರೆ ದೊಡ್ಡವರಿಗೂ ಗೊಂದಲ ಇದೆ. ಒಂದು ಬಾಣ ಇದ್ರೆ ಫಾರ್ವರ್ಡ್ ಆಗಿ ಬಂದಿದೆ ಅಂತ. ಎರಡು ಬಾಣ ಇದ್ರೆ ಮೊದಲು ಕಳಿಸಿದವರಿಂದ ಐದು ಅಥವಾ ಜಾಸ್ತಿ ಕೈ ದಾಟಿ ಬಂದಿದೆ ಅಂತ, ಅಂಥ ಮೆಸೇಜನ್ನ ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳ್ಸೋಕಾಗೋದು. ಬಾಣ ದೂರ ಹೇಳುತ್ತೆ, ನಿಜ ಸುಳ್ಳು ಹೇಳಲ್ಲ. ಶಾಲೆಯ ಪರೀಕ್ಷೆ ಟೈಮ್‌ಟೇಬಲ್ಲಿಗೂ ಎರಡು ಬಾಣ ಬರುತ್ತೆ, ಯಾರಾದ್ರೂ ಸುಳ್ಳು ಮೆಸೇಜನ್ನ ಕಾಪಿ ಪೇಸ್ಟ್ ಮಾಡಿ ಹೊಸದಾಗಿ ಕಳಿಸಿದ್ರೆ ಬಾಣಾನೇ ಇರಲ್ಲ. ಎರಡು ಬಾಣ ಕಂಡ್ರೆ ಗೊತ್ತಾಗೋದು ಇಷ್ಟೇ, ಕಳಿಸಿದ ಕಾಕಾ ಇದನ್ನ ತಾವೇ ಬರೆದವರಲ್ಲ.

ಮೂರನೇ ಪೀರಿಯಡ್: ಇದಕ್ಕೆ ಉತ್ತರ ಯಾರ ಹತ್ರ ಇದೆ

ಈಗ ರಾಶಿಗಳ ಹೆಸರು ಬದಲಾಗುತ್ತೆ. ನಿಜ ಸುಳ್ಳಿನ ಬದಲು "ಇದನ್ನ ಹೇಳೋ ಅಧಿಕಾರ ಯಾರಿಗಿದೆ": ಹವಾಮಾನ ಇಲಾಖೆ, ಮಹಾನಗರಪಾಲಿಕೆ, ರೈಲ್ವೆ, ರಿಸರ್ವ್ ಬ್ಯಾಂಕ್, ಶಾಲೆ, ಡಾಕ್ಟರ್, ಪೊಲೀಸ್. ನೋಟಿನ ಕಾರ್ಡ್ ರಿಸರ್ವ್ ಬ್ಯಾಂಕ್ ರಾಶಿಗೆ. ಮೆಸೇಜನ್ನೇ ಗುರಾಯಿಸಿ ನೋಡ್ತಾ ಕೂತ್ಕೊಳ್ಳೋ ಬದಲು ಅದನ್ನ ಬಿಟ್ಟು ಹೊರಗೆ ಹೋಗಿ ಕೇಳೋ ಅಭ್ಯಾಸ ಇಲ್ಲಿಂದ ಶುರುವಾಗೋದು, ಸತ್ಯಶೋಧನೆ ಕೆಲಸ ಮಾಡೋರು ಮಾಡೋದೂ ಇದನ್ನೇ.

ನಮ್ಮೂರಿಗೆ ಸರಿಹೊಂದೋ ಉದಾಹರಣೆ ಮಳೆ ರಜೆ. ಮೂರು ಕಾರ್ಡ್ ಒಟ್ಟಿಗೆ ಕೊಡಿ. ಒಂದು, ಲೆಟರ್‌ಹೆಡ್ ಇರೋ ಸುತ್ತೋಲೆ, ಆದ್ರೆ ಮೇಲಿನ ಭಾಗ ಕತ್ತರಿಸಿದೆ, ತಾರೀಕು ಕಾಣಲ್ಲ. ಎರಡು, "ನಾಳೆ ಮುಂಬೈ ಠಾಣೆ ರಾಯಗಡ ಎಲ್ಲಾ ಶಾಲೆಗೂ ರಜೆ, ಆರೆಂಜ್ ಅಲರ್ಟ್ ಇದೆ" ಅನ್ನೋ ಬರೀ ಟೆಕ್ಸ್ಟ್. ಮೂರು, ನೀವು ಕಲ್ಪಿಸಿ ಬರೆದ ಪೂರ್ತಿ ಸುತ್ತೋಲೆ, ತಾರೀಕು, ಯಾವ ಪ್ರದೇಶ, ಯಾರು ಹೊರಡಿಸಿದ್ದು ಎಲ್ಲಾ ಇರೋದು, ಮೇಲೆ ದೊಡ್ಡದಾಗಿ "ಅಭ್ಯಾಸಕ್ಕೆ" ಅಂತ ಬರೆದಿರಿ, ಇಲ್ಲಾಂದ್ರೆ ಅದೇ ಸಂಜೆ ಗ್ರೂಪಲ್ಲಿ ಓಡಾಡುತ್ತೆ, ಮಕ್ಕಳು ಮಕ್ಕಳೇ.

ಮೊದಲನೇದರಲ್ಲಿ ಕಾಗದ ಅಸಲಿ ಇರಬಹುದು, ಹೋದ ವರ್ಷದ್ದು. "ಉದ್ಯಾ" ಅಂತ ಇದೆ, ಯಾವ ದಿನದ ಉದ್ಯಾ? ಮಳೆಗಾಲದಲ್ಲಿ ಹರಡೋ ರಜೆ ಸುಳ್ಳುಗಳ ಜೀವಾಳ ಇದು, ಹೊಸದಾಗಿ ಸುಳ್ಳು ತಯಾರಿಸೋ ಕಷ್ಟಾನೇ ಇಲ್ಲ, ಹಳೇ ನಿಜದ ತಾರೀಕು ಕತ್ತರಿಸಿದ್ರೆ ಆಯ್ತು. ಎರಡನೇದರಲ್ಲಿ ಇಬ್ಬರ ಕೆಲಸ ಒಂದಾಗಿ ಬೆರೆತಿದೆ. ಆರೆಂಜ್ ಅಲರ್ಟ್ ಕೊಡೋದು ಹವಾಮಾನ ಇಲಾಖೆ, ಅವರು ರಜೆ ಕೊಡಲ್ಲ. ರಜೆ ಹೇಳೋದು ಮುಂಬೈಗೆ ಮಹಾನಗರಪಾಲಿಕೆ, ರಾಯಗಡ ಅಂದ್ರೆ ಅಲ್ಲಿನ ಜಿಲ್ಲಾಡಳಿತ. ಹಾಗಾಗಿ ಅಲರ್ಟ್ ನಿಜ ಇದ್ದು ರಜೆ ಸುಳ್ಳಿರಬಹುದು, ಮುಂಬೈಗೆ ರಜೆ ಇದ್ದು ಕಲ್ಯಾಣದ ಹುಡುಗನಿಗೆ ಇಲ್ದೆ ಇರಬಹುದು. ಒಂದು ಮೆಸೇಜನ್ನ ತುಂಡು ತುಂಡು ಮಾಡಿ ಒಂದೊಂದು ತುಂಡನ್ನ ಬೇರೆ ರಾಶಿಗೆ ಹಾಕಿಸಿ, ಕತ್ತರಿ ಕೊಟ್ಟು ನಿಜವಾಗ್ಲೂ ಕತ್ತರಿಸೋಕೆ ಹೇಳಿ. ಆಮೇಲೆ ನಿಮ್ಮ ಫೋನಲ್ಲಿ ಪಾಲಿಕೆಯ ಅಧಿಕೃತ ಖಾತೆ, ಹವಾಮಾನ ಇಲಾಖೆ ವೆಬ್‌ಸೈಟ್ ತೆಗೆದು ತೋರಿಸಿ. ಮೆಸೇಜಲ್ಲಿ ಬಂದ ಲಿಂಕ್ ಒತ್ತಿ ಹೋಗಬಾರದು, ನಾವೇ ಹುಡುಕಿ ಹೋಗ್ಬೇಕು, ಇದನ್ನ ಅವರ ಕಣ್ಣೆದುರು ಮಾಡಿ.

ವಿಡಿಯೋಗೆ ಬೇರೆ ದಾರಿ

ವಿಡಿಯೋದಲ್ಲಿ ಕಂಡಿದ್ದೆಲ್ಲಾ ನಿಜ ಅಂತ ಮಕ್ಕಳು ಗಟ್ಟಿಯಾಗಿ ನಂಬಿರ್ತಾರೆ. ಒಂಬತ್ತು, ಹತ್ತನೇ ಕ್ಲಾಸಿಗೆ ಈ ಕೇಸ್ ತಗೊಳ್ಳಿ. 2018ರಲ್ಲಿ ಮಕ್ಕಳ ಕಳ್ಳರ ವಿಡಿಯೋ ಅಂತ ಒಂದು ದೇಶಾದ್ಯಂತ ಓಡಾಡ್ತು: ಬೈಕಲ್ಲಿ ಇಬ್ಬರು ಬರ್ತಾರೆ, ಬೀದೀಲಿ ಆಡ್ತಿದ್ದ ಮಗುನ ಎತ್ಕೊಂಡು ಹೋಗ್ತಾರೆ. ಅದು ಕರಾಚೀಲಿ ಮಕ್ಕಳ ಸುರಕ್ಷತೆ ಬಗ್ಗೆ ಜಾಗೃತಿ ಮೂಡ್ಸೋಕೆ ಮಾಡಿದ ವಿಡಿಯೋ. ಮೂಲದಲ್ಲಿ ಆ ಬೈಕಿನವರು ವಾಪಸ್ ಬಂದು ಮಗುನ ಬಿಟ್ಟು, ಮಗು ಅಪಹರಣಕ್ಕೆ ಒಂದು ಕ್ಷಣ ಸಾಕು ಅನ್ನೋ ಫಲಕ ತೋರಿಸ್ತಾರೆ. ಆ ಕೊನೆಯ ಭಾಗ ಕತ್ತರಿಸಿ ಹರಡಿದ್ರು. ಇಂಥ ವದಂತಿಗಳ ನಡುವೆಯೇ ನಮ್ಮದೇ ರಾಜ್ಯದಲ್ಲಿ, ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ, ಆ ವರ್ಷ ಜುಲೈ 1ಕ್ಕೆ ಐದು ಜನರನ್ನ ಗುಂಪು ಹೊಡೆದು ಕೊಂದಿತು. ಆ ತಿಂಗಳೇ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡನ್ನ ಐದು ಚಾಟ್‌ಗೆ ಸೀಮಿತ ಮಾಡಿದ್ದು.

ಕ್ಲಾಸಲ್ಲಿ ವಿಡಿಯೋ ತೋರಿಸ್ಬೇಡಿ, ಬೇಕಾಗೂ ಇಲ್ಲ. ಆರು ಚೌಕದ ಚಿತ್ರ ಮಾಡಿ, ಕಡ್ಡಿ ಮನುಷ್ಯರು ಸಾಕು: ಆಡೋ ಮಕ್ಕಳು, ಬೈಕ್, ಎತ್ಕೊಂಡಿದ್ದು, ಓಡಿದ್ದು, ವಾಪಸ್ ಬಂದಿದ್ದು, ಫಲಕ ಹಿಡಿದಿದ್ದು. ಮೊದಲು ನಾಲ್ಕನ್ನ ಮಾತ್ರ ಕೊಟ್ಟು ಕ್ರಮವಾಗಿ ಜೋಡಿಸಿ ಒಂದು ತಲೆಬರಹ ಬರೀಲಿ. "ಮಕ್ಕಳ ಕಳ್ಳರು ಬಂದಿದಾರೆ ಹುಷಾರ್" ಅಂತಾನೇ ಬರೀತಾರೆ. ಆಮೇಲೆ ಉಳಿದ ಎರಡು ಕೊಡಿ, ತಲೆಬರಹ ತಿದ್ದಲಿ. ಮೂರನೇ ಹಂತದಲ್ಲಿ ಮೂರು ಪ್ರಶ್ನೆ ಬೋರ್ಡ್ ಮೇಲೆ: ಎಲ್ಲಿ ತೆಗೆದಿದ್ದು, ಯಾವಾಗ ತೆಗೆದಿದ್ದು, ಮುಂಚೆ ಆಮೇಲೆ ಏನಿತ್ತು. ಇದಕ್ಕೆ ಉತ್ತರ ಹುಡುಕೋ ರೀತಿ ತೋರ್ಸೋಕೆ ನಿರುಪದ್ರವಿ ಫೋಟೋ ಒಂದು ತಗೊಳ್ಳಿ, ಯಾವ್ದೋ ಊರಿನ ಪ್ರವಾಹದ ಹಳೇ ಫೋಟೋ ಮೇಲೆ "ಇವತ್ತು ಹಿಂದ್‌ಮಾತಾ" ಅಂತ ಬರೆದದ್ದು, ಅದನ್ನ ಗೂಗಲ್ ಲೆನ್ಸ್‌ಗೆ ಹಾಕಿ ಹಳೇ ತಾರೀಕಿನ ಪುಟ ಸಿಗುತ್ತಾ ನೋಡಿ. ಸಿಗದೇನೂ ಇರಬಹುದು. ಸಿಗಲಿಲ್ಲ ಅಂದ್ರೆ ನಿಜ ಅಂತ ಅರ್ಥ ಅಲ್ಲ, "ಗೊತ್ತಿಲ್ಲ" ರಾಶಿಗೆ ಹೋಗುತ್ತೆ ಅಷ್ಟೇ, ಗೊತ್ತಿಲ್ಲ ರಾಶಿದನ್ನ ಫಾರ್ವರ್ಡ್ ಮಾಡೋ ಹಾಗಿಲ್ಲ.

ಕಲಿತ್ರಾ ಇಲ್ವಾ ಗೊತ್ತಾಗೋದು ಹೇಗೆ

ಒಂದು ವಾರ ಬಿಟ್ಟು ಹೊಸ ಇಪ್ಪತ್ತು ಕಾರ್ಡ್ ಕೊಡಿ, ಹತ್ತು ನಿಜ ಹತ್ತು ಸುಳ್ಳು. ಎಷ್ಟು ಸರಿ ಅಂತ ಒಂದೇ ಅಂಕ ಕೊಡ್ಬೇಡಿ, ಎರಡು ತಪ್ಪನ್ನ ಬೇರೆ ಬೇರೆ ಎಣಿಸಿ: ಸುಳ್ಳನ್ನ ನಿಜ ಅಂದಿದ್ದೆಷ್ಟು, ನಿಜಾನ ಸುಳ್ಳು ಅಂದಿದ್ದೆಷ್ಟು. ಉದಾಹರಣೆಗೆ ಒಬ್ಬಳು ಮೊದಲ ಸಲ ಆರು ಸುಳ್ಳನ್ನ ನಂಬಿದ್ಲು, ಎರಡು ನಿಜನ ತಳ್ಳಿದ್ಲು ಅಂದ್ಕೊಳ್ಳಿ. ಈಗ ಎರಡೇ ಸುಳ್ಳನ್ನ ನಂಬಿದ್ಲು, ಆದ್ರೆ ಆರು ನಿಜನ ತಳ್ಳಿದ್ಲು. ಎರಡೂ ಸಲ ತಪ್ಪು ಎಂಟೇ. ಸುಳ್ಳು ಹಿಡಿದಿದ್ದನ್ನ ಮಾತ್ರ ಎಣಿಸಿದ್ರೆ ಬಹಳ ಕಲಿತಿದಾಳೆ ಅನ್ಸುತ್ತೆ, ಅಸಲಿಗೆ ಅನುಮಾನ ಜಾಸ್ತಿ ಆಗಿದೆ ಅಷ್ಟೇ. ಅಂಥ ಮಗುಗೆ "ಯಾರ ಹತ್ರ ಉತ್ತರ ಇದೆ" ಸುತ್ತನ್ನ ಇನ್ನೊಂದ್ಸಲ ಮಾಡ್ಸಿ, ನಿಜದ ಕಾರ್ಡ್‌ಗಳನ್ನೇ ಕೊಟ್ಟು.

ಇಷ್ಟು ಸಾಕಾ ಅಂದ್ರೆ, ಬೇರೆ ಕಡೆ ನಡೆದಿದ್ದನ್ನ ನೋಡಿ. ಬಿಹಾರದಲ್ಲಿ 2019ರ ಚುನಾವಣೆ ಹೊತ್ತಿಗೆ ದೊಡ್ಡವರಿಗೆ ಮನೆಗೆ ಹೋಗಿ ಒಂದು ಗಂಟೆ ಹೇಳ್ಕೊಟ್ಟು ಪರೀಕ್ಷೆ ಮಾಡಿದ್ರು, ಒಟ್ಟಾರೆ ನೋಡಿದ್ರೆ ಹೇಳ್ಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಅದೇ ರಾಜ್ಯದಲ್ಲಿ ಹದಿಹರೆಯದ ಮಕ್ಕಳಿಗೆ ಸರ್ಕಾರಿ ಗ್ರಂಥಾಲಯಗಳಲ್ಲಿ ವಾರಗಟ್ಟಲೆ ಕ್ಲಾಸ್ ಥರ ನಡೆಸಿದಾಗ ಫಲ ಕಾಣ್ತು, ತಿಂಗಳುಗಳಾದ್ಮೇಲೂ ಉಳಿದಿತ್ತು. ಹಾಗಾಗಿ ಮೂರು ಪೀರಿಯಡ್ ಆರಂಭ ಅನ್ಕೊಳ್ಳಿ, ತಿಂಗಳಿಗೊಂದ್ಸಲ ಹತ್ತು ನಿಮಿಷ ನಾಲ್ಕೇ ಕಾರ್ಡ್ ಇಟ್ಕೊಂಡು ಮುಂದುವರಿಸಿ.

ಮನೇಲಿ ಹೇಳೋದು ಹೇಗೆ

ಇಲ್ಲೇ ಮಕ್ಕಳು ಸಿಕ್ಕಿಹಾಕ್ಕೊಳ್ಳೋದು. ಕ್ಲಾಸಲ್ಲಿ ಕಲಿತು ಫ್ಯಾಮಿಲಿ ಗ್ರೂಪಲ್ಲಿ "ಇದು ಫೇಕ್" ಅಂತ ಹಾಕ್ತಾನೆ, ಕಾಕಾಗೆ ಎಲ್ಲರ ಮುಂದೆ ಅವಮಾನ ಆಗುತ್ತೆ, ಮನೇಲಿ ಬೈಗುಳ ಬೀಳುತ್ತೆ, ಹುಡುಗ ಮುಂದೆ ಬಾಯೇ ಬಿಡಲ್ಲ. ಅದಕ್ಕೆ ಇದಕ್ಕೂ ಕಾರ್ಡ್ ಮಾಡಿ. ಒಂದೇ ವಿಷಯನ ನಾಲ್ಕು ಥರ ಬರೆದು, ಯಾವುದನ್ನ ಕಳಿಸ್ಬಹುದು ಯಾವುದನ್ನ ಬೇಡ ಅಂತ ವಿಂಗಡಿಸ್ಲಿ. "ಕಾಕಾ ಇದೆಲ್ಲಾ ಸುಳ್ಳು" ಒಂದು. "ಕಾಕಾ, ಈ ರಜೆ ಮೆಸೇಜಲ್ಲಿ ತಾರೀಕಿಲ್ಲ, ಪಾಲಿಕೆ ಪೇಜಲ್ಲಿ ನೋಡಿದೆ ಅಲ್ಲಿಲ್ಲ, ನಿಮಗೆ ಯಾರು ಕಳ್ಸಿದ್ರು ಕೇಳ್ತೀರಾ" ಇನ್ನೊಂದು, ಅದೂ ಗ್ರೂಪಲ್ಲಲ್ಲ, ಅವರೊಬ್ಬರಿಗೇ. ಅಜ್ಜಿಗಾದ್ರೆ ಟೈಪ್ ಮಾಡೋ ಬದಲು ಪಕ್ಕದಲ್ಲಿ ಕೂತು ಫೋನಲ್ಲೇ ತೋರ್ಸೋದು ಅಂತ ಮಕ್ಕಳೇ ಹೇಳ್ತಾರೆ, ಅದನ್ನೂ ಒಂದು ಕಾರ್ಡ್ ಮಾಡ್ಕೊಳ್ಳಿ.

ಮುಗಿದ್ಮೇಲೆ ಎಲ್ಲಾ ಸೆಟ್ ಎಣಿಸಿ ವಾಪಸ್ ಇಸ್ಕೊಳ್ಳಿ, ಸುಳ್ಳಿನ ಕಾರ್ಡ್ ಬೆಂಚ್ ಕೆಳಗೆ ಉಳಿದ್ರೆ ಇನ್ಯಾರೋ ಓದಿ ನಂಬ್ತಾರೆ, ಕೇಳಿ ಕೇಳಿ ಪರಿಚಯವಾದ ಮಾತು ನಿಜ ಅನ್ಸೋಕೆ ಶುರುವಾಗುತ್ತೆ. ಪ್ರತಿ ಸುಳ್ಳಿನ ಕಾರ್ಡ್ ಹಿಂದೆ ನಿಜ ಏನು ಅಂತ ಒಂದು ಸಾಲು ಬರೆಸಿ ಡಬ್ಬಿಗೆ ಹಾಕಿ, ಮಳೆ ಕಾರ್ಡ್‌ಗಳನ್ನ ಜೂನ್‌ಗೆ ಮುಂಚೆ ಹೊರಗೆ ತೆಗೀರಿ.